ಅಕಿಗೆ ಈಗ ರಾತ್ರಿ

ರಾತ್ರಿ ಒಂಬತ್ತೂ ಮುಕ್ಕಾಲಿಗೆ ನನ್ನ ಫೋನು ನನಗೆ ಮಲಗಲು ಹೇಳಿತು. ಆಗ ನಾನು ರಾಯಚೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಔಷಧಿ ಟ್ರಾಲಿ ತಳ್ಳಿಕೊಂಡು ಏಳನೇ ಬೆಡ್ಡಿನ ಅಜ್ಜನ ಹತ್ತಿರ ನಿಂತಿದ್ದೆ. ಫೋನು ಟ್ರಾಲಿಯ ಮೇಲೇ ಇತ್ತು. ಅಜ್ಜನ ಮಗ ಬಗ್ಗಿ ಓದಿದ. "ಸಿಸ್ಟರ್, ನಿಮ್ಮ ಫೋನು ನಿಮಗ ಮಲ್ಕೋ ಅನ್ನಾಕತ್ತದ ನೋಡ್ರೀ" ಅಂದ. ಆರನೇ ಬೆಡ್ಡಿನವರೂ ನಕ್ಕರು. ನಾನೂ ನಕ್ಕೆ. ಇನ್ನು ಹತ್ತೂಕಾಲು ಗಂಟೆ ಡ್ಯೂಟಿ ಬಾಕಿ ಇತ್ತು.

ಹೊಸ ಫೋನು ಅದು. ನನ್ನ ಗಂಡ ದೀಪಾವಳಿಗೆ ಕೊಡಿಸಿದ್ದರು. ಗಡಿಯಾರದ ಆ್ಯಪ್‌ನಲ್ಲಿ ಬೆಡ್‌ಟೈಮ್ ಅಂತ ಒಂದು ಜಾಗ ಇರುತ್ತಲ್ವಾ, ಅದರಲ್ಲಿ ಮಲಗುವ ಹೊತ್ತು ರಾತ್ರಿ ಹತ್ತು, ಏಳುವ ಹೊತ್ತು ಬೆಳಿಗ್ಗೆ ಆರು ಅಂತ ಯಾವಾಗಲೋ ಒತ್ತಿಬಿಟ್ಟಿದ್ದೆ. ಹದಿನೈದು ನಿಮಿಷ ಮೊದಲೇ ಅದು ಟಿಣ್ ಅನ್ನುತ್ತಿತ್ತು. ಹತ್ತಕ್ಕೆ ಸರಿಯಾಗಿ ಪರದೆಯ ಬಣ್ಣವೆಲ್ಲ ಹೋಗಿ ಬೂದಿ ಬಳಿದ ಹಾಗೆ ಆಗುತ್ತಿತ್ತು. ದಿನಾ ತೆಗೆದುಹಾಕಬೇಕು ಅಂದುಕೊಳ್ಳುವುದು, ದಿನಾ ಮರೆಯುವುದು. ತಿಂಗಳಲ್ಲಿ ಎರಡು ವಾರ ನೈಟ್ ಮಾಡುವವಳಿಗೆ ಏನು ತಾನೇ ನೆನಪಿರುತ್ತೆ ಹೇಳಿ.

ಅದನ್ನು ತೆಗೆಯದೆ ಹೊರಳಿಸಿ ಇಟ್ಟುಕೊಂಡಿದ್ದಕ್ಕೆ ಕಾರಣ ಒಂದು ಬಾಳೆಹಣ್ಣಿನ ಬಂಡಿ.

ಡಿಸೆಂಬರ್ ತಿಂಗಳು. ಹ್ಯಾಂಡೋವರ್ ಮುಗಿಸಿ ಎಂಟೂಕಾಲಿಗೆ ಸ್ಕೂಟಿ ಹತ್ತಿದೆ. ಅಂಬೇಡ್ಕರ್ ಸರ್ಕಲ್ ದಾಟಿದ್ದು ನನಗೆ ಈಗಲೂ ನೆನಪಿಲ್ಲ. ತೀನ್ ಕಂದಿಲ್ ಹತ್ತಿರ ಬಂದಾಗ ಏನೋ ಮೆತ್ತಗೆ ತಾಗಿದ ಹಾಗಾಯಿತು. ಕಣ್ಣು ಬಿಟ್ಟೆ. ಅಂದರೆ ಮುಚ್ಚಿದ್ದೆ ಅಂತ ಆಯ್ತಲ್ಲ! ಮುಂದಿನ ಗಾಲಿ ಬಂಡಿಯ ಕಾಲಿಗೆ ತಾಗಿ ನಿಂತಿತ್ತು. ಎರಡು ಡಜನ್ ಹಣ್ಣು ಕೆಳಗೆ ಬಿದ್ದಿದ್ದವು. ಬಂಡಿಯವ ಬೈಯಲಿಲ್ಲ. ನನ್ನ ಮುಖ ನೋಡಿ, "ಯಾಕವ್ವಾ, ರಾತ್ರಿ ನಿದ್ದಿ ಮಾಡಿಲ್ಲೇನು?" ಅಂತ ಕೇಳಿದ. "ಇಲ್ಲಣ್ಣ" ಅಂದೆ. ಅಷ್ಟು ನಿಜವಾದ ಉತ್ತರವನ್ನು ನಾನು ಬಹಳ ದಿನಗಳಿಂದ ಯಾರಿಗೂ ಕೊಟ್ಟಿರಲಿಲ್ಲ.

ಬಿದ್ದ ಹಣ್ಣನ್ನೆಲ್ಲ ದುಡ್ಡು ಕೊಟ್ಟು ತಂದೆ. ಮಗಳು ಒಂದು ಸುಲಿದು ಕಚ್ಚಿದಳು, ನಕ್ಕಳು. ಮುಂದಿನ ಕೆಳಹಲ್ಲು ಇರಲಿಲ್ಲ.

"ಏ, ಹಲ್ಲು ಯಾವಾಗ ಬಿತ್ತು?"

"ಮೊನ್ನೇನ ಬಿತ್ತು. ನಿನಗ ಹೇಳಿದ್ನಲ್ಲ ಮಮ್ಮಿ. ಹೂಂ ಅಂದಿ."

ಹೇಳಿದ್ದಳಂತೆ. ನಾನು ಮಲಗಿದ್ದಾಗ ಮಂಚದ ಹತ್ತಿರ ಬಂದು, ಅಂಗೈಯಲ್ಲಿ ಹಲ್ಲು ಇಟ್ಟುಕೊಂಡು ತೋರಿಸಿದ್ದಳಂತೆ. ನಾನು ಹೂಂ ಅಂದೆನಂತೆ.

ಅವತ್ತು ಮಧ್ಯಾಹ್ನ ಒಂದು ಕೆಲಸ ಮಾಡಿದೆ. ಔಷಧಿ ಕಂಪನಿಯವರು ಕೊಟ್ಟ ಹಳೇ ಡೈರಿ ಮನೆಯಲ್ಲಿ ಇತ್ತು. ವಾರ್ಡಿನಲ್ಲಿ ರೋಗಿಯ ಟಿಪಿಆರ್ ಚಾರ್ಟ್ ಬರೆಯುತ್ತೇವಲ್ಲ, ಜ್ವರ, ನಾಡಿ, ಉಸಿರು, ಹಾಗೆ ನನಗೇ ಒಂದು ಚಾರ್ಟ್ ಹಾಕಿಕೊಂಡೆ. ಒಂದು ದಿನಕ್ಕೆ ಒಂದು ಸಾಲು, ಸಾಲಿಗೆ 24 ಚೌಕ. ನಿದ್ದೆ ಮಾಡಿದ ಹೊತ್ತಿಗೆ ನೀಲಿ ಪೆನ್ನಿನಿಂದ ಗೀಟು. ಮುಂದಿನ ನೈಟ್ ವಾರ ಪೂರ್ತಿ ಹಾಗೇ ತುಂಬಿದೆ, ಏನನ್ನೂ ಬದಲಾಯಿಸದೆ. ಮೊದಲು ಇದ್ದದ್ದು ಇದ್ದ ಹಾಗೆ ಕಾಣಬೇಕಿತ್ತು.

ವಾರದ ಕೊನೆಗೆ ಕೂಡಿಸಿದರೆ 7 ದಿನಕ್ಕೆ 27 ಗಂಟೆ. ದಿನಕ್ಕೆ ನಾಲ್ಕು ಗಂಟೆಯೂ ಇಲ್ಲ. ಅದಕ್ಕಿಂತ ಜಾಸ್ತಿ ಕಣ್ಣಿಗೆ ಹೊಡೆದದ್ದು ಆ ಗೀಟುಗಳ ಜಾಗ. ಒಂದು ಸಾಲು ಹೇಳುತ್ತೇನೆ: ಹನ್ನೆರಡೂವರೆಯಿಂದ ಎರಡೂ ಹತ್ತು, ಆಮೇಲೆ ಎರಡೂ ನಲವತ್ತರಿಂದ ನಾಲ್ಕೂವರೆ. ಮೂರೂವರೆ ಗಂಟೆ, ಅದೂ ಎರಡು ತುಂಡು. ಮನೆಗೆ ಬಂದದ್ದು ಎಂಟೂ ಮುಕ್ಕಾಲಿಗೆ. ಹಾಗಾದರೆ ಎಂಟೂ ಮುಕ್ಕಾಲಿನಿಂದ ಹನ್ನೆರಡೂವರೆವರೆಗೆ ನಾನೆಲ್ಲಿದ್ದೆ?

ಫೋನಿನ ಆ ಗಂಟೆ ಆಗ ನೆನಪಾಯಿತು. ಮಲಗುವ ಹೊತ್ತು ರಾತ್ರಿ ಹತ್ತು ಅಂತ ಇದ್ದದ್ದನ್ನು ಬೆಳಿಗ್ಗೆ ಒಂಬತ್ತೂಕಾಲು ಮಾಡಿದೆ, ಏಳುವುದು ಮಧ್ಯಾಹ್ನ ಮೂರೂಕಾಲು. ಹೀಗಾಗಿ ಗಂಟೆ ಒಂಬತ್ತಕ್ಕೆ ಬಾರಿಸತೊಡಗಿತು. ಮೊದಲ ವಾರ ಅದನ್ನು ಪಾಲಿಸಲಿಕ್ಕೆ ನಾನು ಹೋಗಲೇ ಇಲ್ಲ. ಬಾರಿಸಿದಾಗ ನಾನು ಏನು ಮಾಡುತ್ತಿದ್ದೆ ಅಂತ ಮಾತ್ರ ಡೈರಿಯಲ್ಲಿ ಬರೆದೆ.

ಸೋಮವಾರ: ಬಚ್ಚಲಲ್ಲಿ, ಮಗಳ ಯೂನಿಫಾರ್ಮ್ ಒಗೆಯುತ್ತಾ. ಮಂಗಳವಾರ: ಬಾಗಿಲಲ್ಲಿ, ಪುಂಡಿಪಲ್ಲೆ ಮಾರುವವಳ ಜೊತೆ ಎರಡು ರೂಪಾಯಿಗೆ ಜಗಳ. ಬುಧವಾರ: ನಳಕ್ಕೆ ನೀರು ಬಂದಿತ್ತು, ಕೊಡ ತುಂಬುತ್ತಿದ್ದೆ. ಗುರುವಾರ: ಚಹಾ ಕುಡಿಯುತ್ತಾ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ "ಆ ಸಲೈನ್ ಸೆಟ್ ಎಲ್ಲಿಟ್ಟೆ" ಅನ್ನುವುದಕ್ಕೆ ಉತ್ತರ. ಶುಕ್ರವಾರ: ಹಿಟ್ಟು ನಾದುತ್ತಾ. ಶನಿವಾರ ನಾನು ಬರೆದದ್ದು ಒಂದೇ ಮಾತು, "ಸುಮ್ನೆ ಕೂತಿದ್ದೆ".

ಈ ಪಟ್ಟಿ ಓದಿದಾಗ ನನಗೆ ಗೊತ್ತಾಯಿತು. ನಾನು ನಿದ್ದೆ ಬರದವಳಲ್ಲ. ನೈಟ್ ಮಾಡಿ ಬಂದವಳು ಮನೆಯವರ ಕಣ್ಣಿಗೆ ಬೆಳಿಗ್ಗೆ ರಜೆ ಇರುವವಳು. ನನ್ನ ಕಣ್ಣಿಗೂ ಹಾಗೇ ಕಾಣುತ್ತಿದ್ದೆ, ಅದೇ ದೊಡ್ಡ ತಪ್ಪು. ಡೇ ಶಿಫ್ಟ್ ಮಾಡಿ ಬಂದ ದಿನ ರಾತ್ರಿ ಹನ್ನೊಂದಕ್ಕೆ ಯಾರಾದರೂ ನನಗೆ ಹಿಟ್ಟು ನಾದಲಿಕ್ಕೆ ಹೇಳುತ್ತಾರಾ?

ಒಂಬತ್ತಕ್ಕೇ ಯಾಕೆ ಮಲಗಬೇಕು, ಕೆಲಸ ಮುಗಿಸಿ ಹನ್ನೆರಡಕ್ಕೆ ಮಲಗಿ ಆರಕ್ಕೆ ಎದ್ದರೆ ಅಷ್ಟೇ ಆಯ್ತಲ್ಲ ಅಂತ ನನ್ನ ಗಂಡ ಕೇಳಿದರು. ಲೆಕ್ಕದಲ್ಲಿ ಅಷ್ಟೇ. ಮೈಗೆ ಅಷ್ಟೇ ಅಲ್ಲ. ನಮ್ಮ ಮೈಯ ಶಾಖ ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ಎಲ್ಲಕ್ಕಿಂತ ಕೆಳಗಿರುತ್ತೆ. ನೈಟ್ ಮಾಡುವವರಿಗೆಲ್ಲ ಆ ಹೊತ್ತಿನ ಚಳಿ ಗೊತ್ತು, ಮೇ ತಿಂಗಳಲ್ಲೂ ಸ್ವೆಟರ್ ಹುಡುಕುತ್ತೇವೆ. ಅಲ್ಲಿಂದ ಅದು ಏರುತ್ತಾ ಸಂಜೆವರೆಗೆ ಹೋಗುತ್ತೆ. ಶಾಖ ಏರುತ್ತಿರುವಾಗ ಮೈ ಎಚ್ಚರದ ಕಡೆ ಎಳೆಯುತ್ತೆ. ಒಂಬತ್ತಕ್ಕೆ ಮಲಗಿದರೆ ರಾತ್ರಿ ಪೂರ್ತಿ ಎದ್ದಿದ್ದ ದಣಿವು ಇನ್ನೂ ಗೆಲ್ಲುತ್ತಿರುತ್ತೆ. ಹನ್ನೆರಡಕ್ಕೆ ಮಲಗಿದರೆ ದಣಿವು ಅಷ್ಟೇ, ಎದುರಾಳಿ ಮಾತ್ರ ಬಲವಾಗಿರುತ್ತಾನೆ. ಅದಕ್ಕೇ ಎರಡು ತಾಸಿಗೆ ಕಣ್ಣು ತೆರೆದುಕೊಳ್ಳುವುದು. ಮೇಲೆ ನಮ್ಮದು ರಾಯಚೂರು, ಸ್ಲ್ಯಾಬ್ ಮನೆ. ಮಧ್ಯಾಹ್ನ ಮೂರರ ಮೇಲೆ ಮೇಲಿನ ಚಾವಣಿ ರೊಟ್ಟಿ ಹಂಚು. ಬಿಸಿಲು ಕಾಯುವ ಮೊದಲೇ ನಿದ್ದೆ ಮುಗಿಸಿಕೊಳ್ಳಬೇಕು, ಅಷ್ಟೇ ಜಾಣತನ.

ಇದನ್ನು ಅತ್ತೆಗೆ ಹೇಳುವುದು ಮಾತ್ರ ಇನ್ನೊಂದೇ ಕತೆ.

ನಮ್ಮ ಅತ್ತೆ ಕೆಟ್ಟವರಲ್ಲ. ಆದರೆ ಅವರಿಗೆ ಸೂರ್ಯ ಮೇಲೆ ಬಂದ ಮೇಲೆ ಹೆಣ್ಣುಮಕ್ಕಳು ಮಲಗುವುದು ಎಂದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಿದೆ ಅಂತಲೇ ಅರ್ಥ. "ಹಗಲ್ ಹೊತ್ತು ಕದ ಹಾಕ್ಕೊಂಡು ಮಲ್ಕೊಂಡ್ರ ಲಕ್ಷ್ಮಿ ಹೆಂಗ್ ಬರಬೇಕವಾ ಮನಿಗೆ?" ಅನ್ನುವವರು. ನಾನು ಶಾಖದ ಕತೆ ಹೇಳಲಿಲ್ಲ. ಡೈರಿ ಬಿಡಿಸಿ ಪಕ್ಕದಲ್ಲಿ ಕೂತೆ. ಅವರಿಗೆ ಓದಲಿಕ್ಕೆ ಬರುವುದಿಲ್ಲ, ಚೌಕ ಎಣಿಸಲಿಕ್ಕೆ ಬರುತ್ತೆ. ಮೊದಲು ಅವರ ಸಾಲು ಹಾಕಿದೆ. ರಾತ್ರಿ ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುತ್ತಾರೆ, ಎಂಟು ಚೌಕ ನೀಲಿ. ಅದರ ಕೆಳಗೆ ನನ್ನ ಸಾಲು. ಮೂರೂವರೆ.

ಅತ್ತೆ ಬೆರಳಿಟ್ಟು ಎರಡು ಸಲ ಎಣಿಸಿದರು. "ಉಳಿದಿದ್ದು?" ಅಂದರು.

"ಉಳಿದಿದ್ದು ಇಲ್ಲತ್ತಿ. ಇಷ್ಟೇ."

ಏನೂ ಮಾತಾಡದೆ ಎದ್ದು ಒಳಗೆ ಹೋದರು. ನನಗೆ ಬೇಜಾರಾಯಿತು. ಮರುದಿನ ಬೆಳಿಗ್ಗೆ ನಾನು ಬಂದಾಗ ಮಗಳು ಜಡೆ ಹಾಕಿಸಿಕೊಂಡು ಶಾಲೆಗೆ ತಯಾರಾಗಿ ನಿಂತಿದ್ದಳು. ಜಡೆ ಸ್ವಲ್ಪ ಸೊಟ್ಟ ಇತ್ತು. ಎಂಟು ವರ್ಷದ ಮದುವೆಯಲ್ಲಿ ಅತ್ತೆ ಹೀಗೆ ಹೂಂ ಅಂದದ್ದು ಅದೇ ಮೊದಲು.

ಆ ವಾರ ಕೂಡಿಸಿದಾಗ 32 ಗಂಟೆ. ಗಂಟೆ ಬಾರಿಸಿದ ಮೇಲೆ ಮನೆಗೆಲಸ ಮುಟ್ಟಬಾರದು, ಇದೊಂದೇ ಮಾಡಿದ್ದೆ. ಆದರೂ ಮಲಗಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಹೊರಳಾಟ ತಪ್ಪುತ್ತಿರಲಿಲ್ಲ. ಮೈ ಸತ್ತ ಹಾಗೆ, ತಲೆ ಮಾತ್ರ ಬೀದಿ ದೀಪದ ಹಾಗೆ. ಆಗ ತಿಳಿದದ್ದು, ಒಂಬತ್ತರ ಗಂಟೆಗೆ ಮಾಡಬೇಕಾದ ಕೆಲಸ ಬೆಳಗಿನ ಜಾವವೇ ಶುರುವಾಗಿರಬೇಕು ಅಂತ.

ಮೊದಲನೆಯದು ಚಹಾ. ಐದು ಗಂಟೆಗೆ ಆಸ್ಪತ್ರೆ ಎದುರಿನ ಅಂಗಡಿ ಬಾಗಿಲು ತೆಗೆಯುತ್ತಿತ್ತು, ಐದೂವರೆಗೆ ಗಟ್ಟಿ ಚಹಾ, ಎಂಟಕ್ಕೆ ಇನ್ನೊಂದು. ಚಹಾದ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಒಬ್ಬೊಬ್ಬರಿಗೆ ಹೆಚ್ಚುಕಮ್ಮಿ ಆಗುತ್ತೆ. ಐದೂವರೆಗೆ ಕುಡಿದದ್ದು ಹತ್ತೂವರೆಗೂ ಅರ್ಧ ಇದ್ದೇ ಇರುತ್ತೆ. ಎಂಟರದ್ದಂತೂ ಪೂರ್ತಿ ಕೆಲಸದಲ್ಲಿರುತ್ತೆ. ನಾನು ಎಂಟರದ್ದು ಮೊದಲು ಬಿಟ್ಟೆ. ಐದೂವರೆಯದನ್ನು ದಿನಕ್ಕೆ ಅರ್ಧ ಗಂಟೆಯಂತೆ ಹಿಂದೆ ತಳ್ಳುತ್ತಾ ಎರಡೂವರೆಗೆ ತಂದೆ. ಫ್ಲಾಸ್ಕಿನಲ್ಲಿ ಮನೆಯಿಂದಲೇ ಒಯ್ಯುತ್ತಿದ್ದೆ. ಮೂರು ದಿನ ತಲೆನೋವು ಬಂತು, ಹೋಯಿತು.

ಭಯ ಇತ್ತು. ಚಹಾ ಇಲ್ಲದೆ ಬೆಳಗಿನ ಜಾವ ತೂಕಡಿಸಿದರೆ? ಆ ಹೊತ್ತಿಗೇ ಸಕ್ಕರೆ ನೋಡಬೇಕು, ಇನ್ಸುಲಿನ್ ಕೊಡಬೇಕು. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಚಹಾ ಎರಡೆರಡು ಸಲ ಕುಡಿಯುತ್ತಿದ್ದ ಕಾಲದಲ್ಲೇ ಒಮ್ಮೆ ನಾಲ್ಕನೇ ಬೆಡ್ಡಿನ 284 ಅನ್ನುವ ಜಿಆರ್‌ಬಿಎಸ್, ಅಂದರೆ ರಕ್ತದ ಸಕ್ಕರೆಯ ಅಂಕಿಯನ್ನು ಐದನೇ ಬೆಡ್ಡಿನ ಹಾಳೆಯಲ್ಲಿ ಬರೆದಿದ್ದೆ. ಇನ್ಸುಲಿನ್ ಕೊಡುವ ಮೊದಲು ಇಬ್ಬರು ನೋಡಬೇಕು ಅನ್ನುವ ನಿಯಮ ಇದೆ, ಜೊತೆಗಿದ್ದವಳು ಹಿಡಿದಳು. ಐದನೆಯವರಿಗೆ ಇದ್ದದ್ದು 112. ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನರ್ಸುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಚಹಾ ನನ್ನ ಕಣ್ಣನ್ನು ತೆರೆದಿಟ್ಟಿತ್ತು, ಅಷ್ಟೇ.

ಚಹಾದ ಬದಲು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಕೇಳಿದೆ. ವಾರ್ಡ್ ತಣ್ಣಗಿರುವ ದಿನ ಮೂರರಿಂದ ಮೂರೂ ಇಪ್ಪತ್ತು, ಒಬ್ಬರಾದ ಮೇಲೆ ಒಬ್ಬರು ಕಣ್ಣು ಮುಚ್ಚುವುದು. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಎದ್ದ ಮೇಲೆ ಕಾಲು ಗಂಟೆ ಸಿರಿಂಜ್ ಮುಟ್ಟಬಾರದು. ಅನುಭವಸ್ಥರ ಮಾತು ಅದು. ನಿದ್ದೆಯಿಂದ ಎದ್ದ ತಕ್ಷಣ ಕೈ ಎದ್ದಿರುತ್ತೆ, ತಲೆ ಎದ್ದಿರುವುದಿಲ್ಲ. ಅದಕ್ಕೆ ಎದ್ದವಳು ಮೊದಲು ಮುಖ ತೊಳೆದು ವಾರ್ಡ್ ಒಂದು ಸುತ್ತು ಬರುವುದು, ಸಲೈನ್ ಬಾಟಲಿ ನೋಡುವುದು, ಹೊದಿಕೆ ಸರಿ ಮಾಡುವುದು. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಮಲಗಿದ ದಿನ ನನಗೆ ಎದ್ದ ಮೇಲೆ ಇನ್ನೂ ಕೆಟ್ಟದಾಗಿತ್ತು. ವಾರ್ಡ್ ಗದ್ದಲದಲ್ಲಿದ್ದ ದಿನ ಅದೂ ಇಲ್ಲ. ಅಂಥ ದಿನಗಳೂ ಬಹಳ.

ಎರಡನೆಯದು ಬೆಳಕು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ತಲೆಯೊಳಗಿನ ಗಡಿಯಾರಕ್ಕೆ ಹಗಲಾಯಿತು ಅಂತ ಸುದ್ದಿ ಹೋಗುತ್ತೆ. ನಿದ್ದೆ ತರುವ ಮೆಲಟೋನಿನ್ ಇಳಿಯುತ್ತೆ. ಎಂಟೂಕಾಲಿಗೆ ನಮ್ಮೂರಿನ ಬಿಸಿಲಿಗೆ ಎದುರಾಗಿ ಹೊರಟರೆ ಕೇಳುವುದೇ ಬೇಡ. ಕಪ್ಪು ಕನ್ನಡಕ ಹಾಕಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಸಂತೆಯಲ್ಲಿ ಒಂದು ತಂದೆ. ಆದರೆ ಸ್ಕೂಟಿ ಓಡಿಸುತ್ತಾ ಅದನ್ನು ಹಾಕಿಕೊಂಡ ಮೊದಲ ದಿನವೇ ತೂಕಡಿಕೆ ಇನ್ನೂ ಜೋರಾಯಿತು. ಬಾಳೆಹಣ್ಣಿನವನ ಮುಖ ಕಣ್ಣ ಮುಂದೆ ಬಂತು. ನಿಲ್ಲಿಸಿ ತೆಗೆದೆ. ಯೋಚನೆ ಮಾಡಿದರೆ ಸರಳ: ನಿದ್ದೆ ಬರಲಿ ಅಂತ ಹಾಕುವ ಕನ್ನಡಕ, ನಿದ್ದೆ ಬರಬಾರದ ಕೆಲಸಕ್ಕೆ ಹೇಗೆ ಆಗುತ್ತೆ? ಆಮೇಲೆ ನೈಟ್ ವಾರ ಸ್ಕೂಟಿಯನ್ನೇ ಮನೆಯಲ್ಲಿ ಬಿಟ್ಟೆ. ಹೋಗುವಾಗ ಗಂಡ ಬಿಡುತ್ತಾರೆ, ಬರುವಾಗ ಶೇರ್ ಆಟೋ. ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿ ದುಪಟ್ಟಾ ಮುಖದ ಮೇಲೆ ಎಳೆದುಕೊಂಡು ಕೂತರೆ ಯಾರಾದರೂ ಪೆಟ್ರೋಲ್ ಬಂಕ್ ದೋಚಿ ಬಂದವಳು ಅಂದುಕೊಳ್ಳಬೇಕು. ದಿನಾ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚು ಖರ್ಚು. ಇರಲಿ.

ಮಲಗುವ ಕೋಣೆಯ ಕಿಟಕಿ ಪೂರ್ವಕ್ಕೆ. ಅದಕ್ಕೆ ಹಳೇ ಕೌದಿ ಮೊಳೆ ಹೊಡೆದು ನೇತುಹಾಕಿದೆ. ನಮ್ಮವ್ವ ಹೊಲಿದ ಕೌದಿ. ಹಳೇ ಸೀರೆ ತುಂಡುಗಳ ಏಳೆಂಟು ಪದರ, ಯಾವ ಅಂಗಡಿ ಪರದೆಯೂ ಅಷ್ಟು ಕತ್ತಲು ಮಾಡುವುದಿಲ್ಲ. ಕೂಲರ್ ಜನವರಿಯಲ್ಲೂ ನೀರಿಲ್ಲದೆ ಸುಮ್ಮನೆ ಫ್ಯಾನ್ ತಿರುಗಿಸಿ ಇಟ್ಟೆ, ಗಾಳಿಗಲ್ಲ, ಸದ್ದಿಗೆ. ಒಂದೇ ಸಮನೆ ಗುರ್ ಅನ್ನುವ ಸದ್ದಿನಲ್ಲಿ ಕುಕ್ಕರ್ ಸೀಟಿ, "ಹಳೇ ಪೇಪರ್, ಖಾಲಿ ಬಾಟ್ಲಿ" ಕೂಗು ಎಲ್ಲ ಮುಳುಗಿ ಹೋಗುತ್ತೆ. ಹೊಟ್ಟೆಗೆ ಮಾತ್ರ ಸ್ವಲ್ಪ ಬೇಕು. ಮೊದಲು ಒಗ್ಗರಣಿ ಮಿರ್ಚಿ ಹೊಡೆದು ಬಂದು ಎದೆ ಉರಿಯುತ್ತಾ ಮಲಗುತ್ತಿದ್ದೆ. ಈಗ ಮೊಸರು ಕಲಸಿದ ಅನ್ನ, ಅಥವಾ ಅರ್ಧ ರೊಟ್ಟಿ.

ಫೆಬ್ರವರಿಯ ಎರಡನೇ ನೈಟ್ ವಾರ 38 ಗಂಟೆ ಆಯಿತು. ದಿನಕ್ಕೆ ಐದೂವರೆಗೆ ಹತ್ತಿರ. ಡೈರಿಯ ಸಾಲುಗಳಲ್ಲಿ ನೀಲಿ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದ್ದವು. ಅದನ್ನು ನೋಡುವುದೇ ಒಂದು ಖುಷಿ ಆಗಿತ್ತು.

ಆಗಲೇ ಒಂದು ಎಡವಟ್ಟು. ಬೆಡ್‌ಟೈಮ್ ಶುರುವಾದರೆ ಫೋನು ಯಾವ ಕರೆಯ ಸದ್ದನ್ನೂ ಮಾಡದ ಹಾಗೆ ಇಟ್ಟಿದ್ದೆ. ಒಂದು ಗುರುವಾರ ಮಗಳು ಶಾಲೆಯ ಮೆಟ್ಟಿಲಲ್ಲಿ ಬಿದ್ದು ಮೊಣಕಾಲು ಸುಲಿದುಕೊಂಡಳು. ಟೀಚರ್ ಹನ್ನೊಂದಕ್ಕೆ ನನಗೆ ಫೋನ್ ಮಾಡಿದರು, ನಾನು ಎತ್ತಲಿಲ್ಲ, ಅವರು ಗಂಡನಿಗೆ ಮಾಡಿದರು, ಅವರು ಗಂಜಿನಲ್ಲಿ ಹತ್ತಿ ಲೋಡಿನ ಗದ್ದಲದಲ್ಲಿದ್ದರು. ಕೊನೆಗೆ ಮಗಳು ಮಧ್ಯಾಹ್ನದವರೆಗೆ ಆಫೀಸ್ ರೂಮಿನಲ್ಲಿ ಕೂತಿದ್ದಳು. ಗಾಯ ದೊಡ್ಡದಲ್ಲ. ಆದರೆ ಮೂರಕ್ಕೆ ಎದ್ದು ಆ ತಪ್ಪಿದ ಕರೆ ನೋಡಿದಾಗ ನನಗಾದದ್ದು, ಈ ಗಂಟೆಗಿಂಟೆ ಎಲ್ಲ ಬೇಡ ಅನ್ನುವಷ್ಟು.

ಬೇಡ ಅಂತ ಬಿಡುವ ಬದಲು ಕೂತು ನೋಡಿದೆ. ಅದರಲ್ಲೇ ದಾರಿ ಇತ್ತು. ನಕ್ಷತ್ರ ಹಾಕಿದ ನಂಬರುಗಳಿಗೆ ಮಾತ್ರ ಸದ್ದು ಮಾಡು ಅಂತ ಹೇಳಬಹುದು. ಬೇರೆಯವರು ಹದಿನೈದು ನಿಮಿಷದೊಳಗೆ ಎರಡನೇ ಸಲ ಮಾಡಿದರೆ ಅದನ್ನೂ ಬಿಡು ಅಂತ ಹೇಳಬಹುದು. ಶಾಲೆಗೆ, ಗಂಡನಿಗೆ, ಅವ್ವನಿಗೆ ನಕ್ಷತ್ರ ಹಾಕಿದೆ. ವಾರ್ಡಿನ ನಂಬರಿಗೆ ಬೆರಳು ತುಂಬಾ ಹೊತ್ತು ಅಲ್ಲೇ ನಿಂತಿತ್ತು. ಹಾಕಲಿಲ್ಲ. ಅಲ್ಲಿ ನಾನು ಹನ್ನೆರಡು ಗಂಟೆ ಇದ್ದು ಬಂದಿದ್ದೇನೆ, ಬರೆಯಬೇಕಾದ್ದನ್ನು ನೋಟ್ಸಿನಲ್ಲಿ ಬರೆದು ಬಂದಿದ್ದೇನೆ. ನಿಜಕ್ಕೂ ಅವಸರ ಇದ್ದರೆ ಎರಡು ಸಲ ಮಾಡುತ್ತಾರೆ. ಇಲ್ಲಿಯವರೆಗೆ ಹಾಗೆ ಎರಡು ಸಲ ಬಂದದ್ದು ಒಂದೇ ಬಾರಿ, ಅದೂ ಕಪಾಟಿನ ಬೀಗದ ಕೈ ನನ್ನ ಚೀಲದಲ್ಲೇ ಬಂದುಬಿಟ್ಟ ದಿನ.

ಇನ್ನೊಂದು ತೊಡಕು ಅದಕ್ಕೆ ನನ್ನ ಡ್ಯೂಟಿ ಗೊತ್ತಿಲ್ಲ ಅನ್ನುವುದು. ಅದು ವಾರದ ದಿನ ನೋಡಿ ಬಾರಿಸುತ್ತೆ. ನನ್ನದು 7 ನೈಟ್, 2 ಆಫ್, ಮತ್ತೆ 7 ನೈಟ್, 2 ಆಫ್, ಆಮೇಲೆ ಡೇ. ನಾದಿನಿಯ ಸೀಮಂತದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ, ಆರತಿ ತಟ್ಟೆ ಹಿಡಿದಿದ್ದಾಗ ಮಲಗುವ ಸಮಯ ಆಯಿತು ಅಂತ ಬಾರಿಸಿ ಮಾನ ಕಳೆಯಿತು. ಈಗ ಡ್ಯೂಟಿ ಲಿಸ್ಟ್ ಅಂಟಿಸಿದ ದಿನವೇ ಅಲ್ಲೇ ಗೋಡೆಗೆ ಒರಗಿ ನಿಂತು ದಿನಗಳನ್ನು ಒತ್ತಿಬಿಡುತ್ತೇನೆ.

ಆಫ್ ದಿನಗಳದ್ದೇ ನನಗೆ ಕೊನೆಗೆ ಅರ್ಥವಾದದ್ದು. ಮೊದಲೆಲ್ಲ ಕೊನೆಯ ನೈಟ್ ಮುಗಿಸಿ ಬಂದು ಸಂಜೆ ಐದರವರೆಗೆ ಹೆಣದ ಹಾಗೆ ಬಿದ್ದುಕೊಳ್ಳುತ್ತಿದ್ದೆ. ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಮೊದಲ ಆಫ್ ಹಾಳು, ಎರಡನೇ ಆಫ್ ಅರ್ಧ ಹಾಳು. ಈಗ ಕೊನೆಯ ನೈಟಿನ ಬೆಳಿಗ್ಗೆ ಮಲಗುವುದು ಅದೇ ಒಂಬತ್ತೂಕಾಲಿಗೆ, ಏಳುವುದು ಹನ್ನೆರಡೂವರೆಗೆ. ಮೂರು ಗಂಟೆ ಚಿಲ್ಲರೆ, ಅಷ್ಟೇ. ಏಳುವುದು ನರಕ. ಎದ್ದು ಅಂಗಳದ ಬಿಸಿಲಿಗೆ ಹೋಗಿ ಕೂತರೆ ಸ್ವಲ್ಪ ಸರಿ ಹೋಗುತ್ತೆ, ಈಗ ಬೆಳಕು ಶತ್ರು ಅಲ್ಲ. ರಾತ್ರಿ ಹತ್ತಕ್ಕೆ ಎಲ್ಲರ ಜೊತೆ ನಿದ್ದೆ. ಮತ್ತೆ ನೈಟ್ ಶುರುವಾಗುವ ದಿನ ಮಧ್ಯಾಹ್ನ ನಾಲ್ಕರಿಂದ ಐದೂವರೆ ಮಲಗಿ ಹೋಗುತ್ತೇನೆ. ಎರಡು ಆಫ್‌ನಲ್ಲಿ ಒಂದೂವರೆಯಾದರೂ ನನ್ನ ಕೈಗೆ ಬಂತು.

ಎಲ್ಲ ಮೇಲಕ್ಕೇ ಹೋಯಿತು ಅಂದುಕೊಳ್ಳಬೇಡಿ. ಏಪ್ರಿಲ್‌ನಲ್ಲಿ 38 ಇದ್ದದ್ದು 33ಕ್ಕೆ ಇಳಿಯಿತು. ಬಿಸಿಲು 40 ಡಿಗ್ರಿ ದಾಟಿತ್ತು, ಹನ್ನೊಂದಕ್ಕೆ ಕರೆಂಟ್ ಹೋಗುತ್ತಿತ್ತು. ಪಕ್ಕದ ಶಕ್ತಿನಗರದಲ್ಲಿ ಊರಿಗೆಲ್ಲ ಕರೆಂಟ್ ತಯಾರಾಗುತ್ತೆ, ನಮ್ಮ ಮನೆಯ ಕೂಲರ್ ನಿಲ್ಲುತ್ತೆ. ಕೂಲರ್ ನಿಂತರೆ ಸೆಕೆಗಿಂತ ಮೊದಲು ಎಬ್ಬಿಸುವುದು ಆ ನಿಶ್ಶಬ್ದ. ಶಾಲೆಗೆ ಬೇರೆ ರಜೆ, ಮಗಳು ಮನೆಯಲ್ಲೇ. ಆ ಎರಡು ತಿಂಗಳು ನೆಲದ ಮೇಲೆ, ನೀರು ಒರೆಸಿದ ಬಂಡೆಯ ಮೇಲೆ ಚಾಪೆ ಹಾಕಿ ಮಲಗಿದೆ. ಒದ್ದೆ ಟವೆಲ್ ಕಾಲ ಮೇಲೆ. ಐದು ಗಂಟೆ ಸಿಕ್ಕರೆ ಅದೇ ದೊಡ್ಡದು. ಜುಲೈ ಮಳೆಯ ನಂತರ 42 ಮುಟ್ಟಿತು, ದಿನಕ್ಕೆ ಆರು ಗಂಟೆ. ಅದಕ್ಕಿಂತ ಮೇಲೆ ಹೋಗಿಲ್ಲ. ಹಗಲಿನ ನಿದ್ದೆ ರಾತ್ರಿಯದ್ದಕ್ಕೆ ಸಮ ಅಲ್ಲ. ಈಗಲೂ ಆರನೇ ಏಳನೇ ನೈಟಿನ ಹೊತ್ತಿಗೆ ನನ್ನ ಮಾತು ತಡವರಿಸುತ್ತೆ, ಸಣ್ಣದಕ್ಕೆ ಸಿಟ್ಟು ಬರುತ್ತೆ.

ಅತ್ತೆ ಮಾತ್ರ ನನಗಿಂತ ಮುಂದೆ ಹೋಗಿಬಿಟ್ಟರು. ಆ ಗಂಟೆಯ ರಾಗ ಕೇಳಿದರೆ ಸಾಕು, ಟಿವಿ ಸದ್ದು ಇಳಿಸುತ್ತಾರೆ. ಕುಕ್ಕರ್ ಇಡುವುದಿದ್ದರೆ ನಾನು ಬರುವ ಮೊದಲೇ ಇಟ್ಟು ಮುಗಿಸುತ್ತಾರೆ. ಒಂದು ದಿನ ಅರ್ಧ ನಿದ್ದೆಯಲ್ಲಿದ್ದೆ, ಹೊರಗೆ ಚೀಟಿ ದುಡ್ಡಿಗೆ ಬಂದ ಎದುರು ಮನೆಯವರ ದನಿ ಕೇಳಿತು. "ಎಲ್ಲದಾಳ ನಿಮ್ಮ ಸೊಸಿ, ಇನ್ನಾ ಎದ್ದಿಲ್ಲೇನು? ಹನ್ನೊಂದಾತಲ್ಲ."

"ಏಯ್, ಮೆಲ್ಲಕ ಮಾತಾಡು" ಅಂದರು ಅತ್ತೆ. "ಅಕಿಗೆ ಈಗ ರಾತ್ರಿ. ನಾಕಕ್ಕ ಬಾ, ಬೆಳಗ ಆಗಿರ್ತದ."

ಕೌದಿಯ ಹಿಂದೆ ಬಿಸಿಲು ಸುರಿಯುತ್ತಿತ್ತು. ನಾನು ಹೊದಿಕೆ ಬಾಯಿಗೆ ಒತ್ತಿಕೊಂಡು ನಕ್ಕೆ. ಮತ್ತೆ ನಿದ್ದೆ ಬಂತು.

ನಾಲ್ಕಕ್ಕೆ ಮಗಳು ಶಾಲೆಯಿಂದ ಬರುತ್ತಾಳೆ. ಆಗ ನಾನು ಎದ್ದು ಮುಖ ತೊಳೆದು ಕೂತಿರುತ್ತೇನೆ. ಏಳೂವರೆವರೆಗೆ ಮೂರೂವರೆ ಗಂಟೆ. ಮೊದಲು ಆ ಹೊತ್ತಿನಲ್ಲಿ ಎದ್ದಿರುತ್ತಿದ್ದೆ, ಇರುತ್ತಿರಲಿಲ್ಲ. ಜಡೆ ಈಗ ನಾನೇ ಬಿಚ್ಚಿ ಬಾಚುತ್ತೇನೆ. ಮಂಡಕ್ಕಿ ಸುಸಲ ಮಾಡುತ್ತೇನೆ. ಒತ್ತಕ್ಷರ ಬರೆಸುತ್ತೇನೆ, "ಅಕ್ಕ"ಕ್ಕೆ ಒತ್ತು ಮರೆಯುತ್ತಾಳೆ, "ಅಜ್ಜಿ"ಗೆ ಮರೆಯುವುದಿಲ್ಲ.

ಆಗಸ್ಟಿನಲ್ಲಿ ಮೇಲಿನ ಮುಂದಿನ ಹಲ್ಲು ಅಲುಗಾಡತೊಡಗಿತು. ಐದನೇ ನೈಟಿನ ಸಂಜೆ. ಬಾಗಿಲ ಮೆಟ್ಟಿಲ ಮೇಲೆ ಕೂತು ಬಾಯಿ ತೆರೆದು ತೋರಿಸಿದಳು. ಒಂದು ನೂಲಿನಷ್ಟು ಹಿಡಿದುಕೊಂಡಿತ್ತು. ದಿನಕ್ಕೆ ನಾಲ್ಕೈದು ಕ್ಯಾನುಲಾ ಹಾಕುವ ನನ್ನ ಕೈ ನಡುಗಿತು ಅಂದರೆ ನೀವು ನಂಬಲ್ಲ. ಹತ್ತಿಯ ಚೂರು ಬೆರಳಿಗೆ ಸುತ್ತಿ ಹಿಡಿದೆ.

"ನೋಯ್ತದ?"

"ನೋಯಂಗಿಲ್ಲ. ನೀ ಕಣ್ಣು ಮುಚ್ಚಬ್ಯಾಡ ಮಮ್ಮಿ."

ಸಣ್ಣಗೆ ತಿರುಗಿಸಿದೆ, ಬಂತು. ಎರಡು ಹನಿ ರಕ್ತ. ಹತ್ತಿ ಒತ್ತಿ ಹಿಡಿಸಿದೆ. ಅತ್ತೆ ಎಲ್ಲಿಂದಲೋ ಸಗಣಿ ಉಂಡೆ ತಂದರು. ಹಲ್ಲನ್ನು ಅದರಲ್ಲಿ ಒತ್ತಿ ಮಗಳ ಕೈಗೆ ಕೊಟ್ಟರು. ಅವಳು ಎರಡು ಸಲ ಎಸೆದರೂ ಮಾಳಿಗೆ ಮುಟ್ಟಲಿಲ್ಲ, ತಿರುಗಿ ಅಂಗಳಕ್ಕೇ ಬಿತ್ತು. ಮೂರನೇ ಸಲ ಅವಳನ್ನು ಎತ್ತಿಕೊಂಡೆ. ಎಸೆದಳು. ಮೇಲೆ ಟಪ್ ಅಂತ ಸದ್ದಾಯಿತು.

"ಏಳೂಕಾಲಾತವಾ" ಅಂದರು ಅತ್ತೆ. "ಕೈ ತೊಳ್ಕೊಂಡು ಹೊಂಡು."